ನಮ್ಮೂರ ರಸ್ತೆಗೆ ಎಷ್ಟು ಡಾಂಬರು?

ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೋಗುವ ದಾರಿಯಿಂದ ನಮ್ಮೂರಿಗೆ ಒಂದು ಕವಲು ರಸ್ತೆ ಇದೆ. ಉದ್ದ ಸರಿಯಾಗಿ ಒಂದು ಕಿಲೋಮೀಟರು. ಅದಕ್ಕೆ ಹೊಸ ಪದರ ಹಾಕಲು ಟಿಪ್ಪರ್‌ಗಳು ಬಂದ ದಿನ, ಏಳನೇ ತರಗತಿಯ ಮೊಮ್ಮಗಳು ಕೇಳಿದಳು: "ತಾತ, ಇಷ್ಟುದ್ದಕ್ಕೆ ಎಷ್ಟು ಡಾಂಬರು ಬೇಕು?"

ರಸ್ತೆ ಕೆಲಸದ ಅಳತೆ ಪುಸ್ತಕ ಬರೆದೇ ನಿವೃತ್ತನಾದವನು ನಾನು. ಇಂಥ ಪ್ರಶ್ನೆಯನ್ನು ಬಿಡುತ್ತೇನೆಯೇ? ಸ್ಲೇಟು ತರಲು ಹೇಳಿದೆ.

ಉದ್ದ 1000 ಮೀಟರ್, ಅಗಲ 3.75 ಮೀಟರ್. ಪದರದ ದಪ್ಪ 25 ಮಿಲಿಮೀಟರ್, ಎಂದರೆ 0.025 ಮೀಟರ್. ಮೂರನ್ನೂ ಗುಣಿಸಿದಳು: 93.75 ಘನ ಮೀಟರ್. "ಇಷ್ಟು ಡಾಂಬರಾ!" ಎಂದು ಕಣ್ಣರಳಿಸಿದಳು.

ಅಲ್ಲೇ ಎಲ್ಲರೂ ಎಡವುವುದು. ಕಡಲೆಪುರಿ ಒಗ್ಗರಣೆಯನ್ನು ನೆನೆಸಿಕೊಳ್ಳಿ. ಬಾಣಲೆ ತುಂಬ ಪುರಿ, ಅದರ ಮೈಗೆ ಸವರಿದಷ್ಟೇ ಎಣ್ಣೆ. ರಸ್ತೆಯಲ್ಲೂ ಹಾಗೆಯೇ, ಬಹುಪಾಲು ಜಲ್ಲಿ, ಅದನ್ನು ಹಿಡಿದಿಡುವಷ್ಟು ಡಾಂಬರು. ಚೆನ್ನಾಗಿ ರೋಲರ್ ಹೊಡೆದ ಮಿಶ್ರಣ ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. 93.75ನ್ನು ಅದರಿಂದ ಗುಣಿಸಿದರೆ ಸುಮಾರು 215.6 ಟನ್. ಅದರಲ್ಲಿ ಡಾಂಬರು ನೂರಕ್ಕೆ 5 ಪಾಲು ಎಂದಿಟ್ಟುಕೊಂಡರೆ 10.8 ಟನ್. ಡ್ರಮ್ಮಿಗೆ 150 ಕಿಲೋ ಹಿಡಿದರೆ 72 ಡ್ರಮ್. ಹಳೆಯ ರಸ್ತೆಗೆ ಹೊಸದು ಅಂಟಲೆಂದು ಮೊದಲು ಸಿಂಪಡಿಸುವುದು ಇದರಲ್ಲಿ ಸೇರಿಲ್ಲ, ಗುಂಡಿ ಮುಚ್ಚುವುದೂ ಸೇರಿಲ್ಲ.

"ದಪ್ಪ 20 ಮಿಲಿಮೀಟರ್ ಮಾತ್ರ ಹಾಕಿದರೆ ಯಾರಿಗೆ ಗೊತ್ತಾಗುತ್ತೆ ತಾತ?" ಎಂದಳು. ಒಳ್ಳೇ ತುಂಟ ಪ್ರಶ್ನೆ! ಲೆಕ್ಕ ಹಾಕಿಸಿದೆ: ಡಾಂಬರು 8.6 ಟನ್ನಿಗೆ ಇಳಿಯಿತು. ಎರಡು ಟನ್ನಿಗೂ ಹೆಚ್ಚು ಮಾಯ. ಕಣ್ಣಿಗೆ ಮಾತ್ರ ರಸ್ತೆ ಅಷ್ಟೇ ಕಪ್ಪಗೆ ಕಾಣುತ್ತದೆ. ಮೋಸವೇ ಇರಬೇಕೆಂದಿಲ್ಲ. ಹರಡುವಾಗಲೇ 25 ಮಿಲಿಮೀಟರ್ ಅಳೆದರೆ, ರೋಲರ್ ಓಡಿದ ಮೇಲೆ ಅದು 20ರ ಹತ್ತಿರ ಕೂರುತ್ತದೆ. ಅದಕ್ಕೇ ಹರಡುವಾಗ 30 ದಾಟಿರಬೇಕು.

ಹಾಗಾದರೆ ತಿಳಿಯುವುದು ಹೇಗೆ? ರಸ್ತೆ ತಣ್ಣಗಾದ ಮೇಲೆ ಯಂತ್ರದಿಂದ ಬಿಲ್ಲೆಯಂಥ ತುಂಡೊಂದನ್ನು ಕೊರೆದು ತೆಗೆಯುತ್ತಾರೆ. ದಪ್ಪವನ್ನು ಸ್ಕೇಲಿನಲ್ಲೇ ಅಳೆಯಬಹುದು. ಆಮೇಲೆ ತೂಕ. 10 ಸೆಂಟಿಮೀಟರ್ ಅಡ್ಡಗಲದ, 25 ಮಿಲಿಮೀಟರ್ ದಪ್ಪದ ಬಿಲ್ಲೆ ಗಾಳಿಯಲ್ಲಿ 451 ಗ್ರಾಂ, ನೀರಿನಲ್ಲಿ ಮುಳುಗಿಸಿ ತೂಗಿದಾಗ 255 ಗ್ರಾಂ ಎನ್ನಿ. ವ್ಯತ್ಯಾಸ 196. ಅಷ್ಟು ಗ್ರಾಂ ನೀರನ್ನು ಅದು ಪಕ್ಕಕ್ಕೆ ತಳ್ಳಿದೆ, ಆದ್ದರಿಂದ ಬಿಲ್ಲೆಯ ಗಾತ್ರ 196 ಘನ ಸೆಂಟಿಮೀಟರ್. 451ನ್ನು 196ರಿಂದ ಭಾಗಿಸಿದರೆ 2.3 ಬರುತ್ತದೆ. ರೋಲರ್ ಸರಿಯಾಗಿ ಓಡಿದೆ! 2.1 ಬಂದರೆ ಒಳಗೆ ಗಾಳಿಯ ಸಂದುಗಳು ಹೆಚ್ಚಿವೆ ಎಂದರ್ಥ. ಅಲ್ಲಿ ಮಳೆನೀರು ಇಳಿದು ಜಲ್ಲಿ ಕಿತ್ತುಬರುತ್ತದೆ.

"ಆರ್ಕಿಮಿಡೀಸ್!" ಎಂದು ಕೂಗಿದವಳೇ ಮೊಮ್ಮಗಳು ಸ್ಕೇಲು ಹಿಡಿದು ರಸ್ತೆಯತ್ತ ಓಡಿದಳು. ಡಾಂಬರು ಇನ್ನೂ ಹೊಗೆಯಾಡುತ್ತಿತ್ತು. ನಾನು ಹಿಂದೆಯೇ ಓಡಿ ಕೈ ಹಿಡಿದು ನಿಲ್ಲಿಸಬೇಕಾಯಿತು.