ಸೊಸೈಟಿಯಲ್ಲಿ ಎಫ್‌ಡಿ ಇಡೋ ಮುನ್ನ ಕೇಳಬೇಕಾದ ಒಂದೇ ಪ್ರಶ್ನೆ: ಈ ಹಣಕ್ಕೆ ವಿಮೆ ಇದೆಯಾ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ತೊಗರಿ ಮಾರಿದ ದುಡ್ಡು, ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತಿಯಾದಾಗ ಬಂದ ದುಡ್ಡು ಎಲ್ಲಿಡಬೇಕು ಅನ್ನೋ ಲೆಕ್ಕಾಚಾರ ಸಾಮಾನ್ಯ. ಪತ್ತಿನ ಸಹಕಾರ ಸಂಘ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುತ್ತೇನೆ ಎಂದರೆ ಮನಸ್ಸು ಆ ಕಡೆ ವಾಲುತ್ತದೆ. ಆದರೆ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಬಡ್ಡಿಯಲ್ಲಲ್ಲ, ವಿಮೆಯಲ್ಲಿ.

ಬ್ಯಾಂಕ್ ನಡೆಸಲು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಬೇಕು. ಅಂಥ ಬ್ಯಾಂಕಿನ ಠೇವಣಿಗೆ ಡಿಐಸಿಜಿಸಿ ಎಂಬ ಸಂಸ್ಥೆಯ ವಿಮೆ ಇರುತ್ತದೆ. 2020ರ ಫೆಬ್ರುವರಿಯಿಂದ ಇದರ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿ. ಅಸಲು, ಬಡ್ಡಿ, ಆ ಬ್ಯಾಂಕಿನ ಎಲ್ಲ ಶಾಖೆಗಳ ಖಾತೆ ಸೇರಿಯೇ ಈ ಮಿತಿ. ಪತ್ತಿನ ಸಂಘ ಮತ್ತು ಪತ್ತಿನ ಸೌಹಾರ್ದ ಸಹಕಾರಿಗಳು ರಾಜ್ಯದ ಸಹಕಾರ ಕಾಯ್ದೆಗಳಡಿ ನೋಂದಣಿಯಾಗಿರುತ್ತವೆ. ಅವುಗಳ ಮೇಲೆ ರಿಸರ್ವ್ ಬ್ಯಾಂಕಿನ ಉಸ್ತುವಾರಿ ಇಲ್ಲ, ಠೇವಣಿಗೆ ಈ ವಿಮೆಯೂ ಇಲ್ಲ.

ಹಾಗಂತ ಹೆಸರಿನಲ್ಲಿ 'ಸಹಕಾರ' ಇದ್ದ ಮಾತ್ರಕ್ಕೆ ವಿಮೆ ಇಲ್ಲ ಎಂದಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಇದಕ್ಕೆ ಉದಾಹರಣೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿ, ಗ್ರಾಹಕರು ತೆಗೆಯಬಹುದಾದ ಹಣವನ್ನು 35 ಸಾವಿರ ರೂಪಾಯಿಗೆ ಸೀಮಿತಗೊಳಿಸಿತು. ಜನ ಕಂಗಾಲಾದರು. ಆದರೆ ಅದು ಲೈಸೆನ್ಸ್ ಇದ್ದ ಬ್ಯಾಂಕ್. ಹೀಗೆ ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನದೊಳಗೆ ವಿಮೆ ಕೊಡಬೇಕೆಂದು 2021ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ, ಅಲ್ಲಿನವರಿಗೆ 5 ಲಕ್ಷದವರೆಗಿನ ಹಣ ಸಿಕ್ಕಿತು. ಅದಕ್ಕಿಂತ ಹೆಚ್ಚು ಇಟ್ಟವರ ಉಳಿದ ಹಣ ಸಿಕ್ಕಿಬಿತ್ತು. ಪತ್ತಿನ ಸಂಘವೇ ಮುಳುಗಿದರೆ ಈ 5 ಲಕ್ಷವೂ ಇಲ್ಲ. ಸಾಲ ವಸೂಲಾಗಿ, ಆಸ್ತಿ ಮಾರಾಟವಾಗಿ ಬಂದಷ್ಟರಲ್ಲೇ ಪಾಲು ಸಿಗಬೇಕು.

ಒಂದು ಲೆಕ್ಕ ನೋಡೋಣ. ಒಬ್ಬರ ಬಳಿ 12 ಲಕ್ಷ ಇದೆ ಎಂದುಕೊಳ್ಳಿ. ಬ್ಯಾಂಕು ಶೇ 7, ಸಂಘ ಶೇ 10 ಕೊಡುತ್ತದೆ ಎಂದಾದರೆ ಸಂಘದಲ್ಲಿ ವರ್ಷಕ್ಕೆ 36 ಸಾವಿರ ಹೆಚ್ಚು ಸಿಗುತ್ತದೆ. ಅದಕ್ಕಾಗಿ ಪಣಕ್ಕಿಟ್ಟಿದ್ದು ಪೂರ್ತಿ 12 ಲಕ್ಷ. ಅದೇ ಹಣವನ್ನು ಮೂರು ಬೇರೆ ಬೇರೆ ಬ್ಯಾಂಕುಗಳಲ್ಲಿ 4 ಲಕ್ಷದಂತೆ ಇಟ್ಟರೆ, ವರ್ಷದ ಬಡ್ಡಿ ಸೇರಿ ಪ್ರತಿಯೊಂದೂ ಸುಮಾರು 4.28 ಲಕ್ಷವಾಗುತ್ತದೆ. ಎಲ್ಲವೂ ವಿಮೆಯ ಒಳಗೇ ಇರುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಠೇವಣಿ ರಸೀದಿಯ ಮೇಲಿನ ಪೂರ್ತಿ ಹೆಸರು ಓದಿ. 'ಪತ್ತಿನ ಸಹಕಾರ ಸಂಘ', 'ಪತ್ತಿನ ಸೌಹಾರ್ದ ಸಹಕಾರಿ' ಎಂದಿದ್ದರೆ ಅದು ಬ್ಯಾಂಕ್ ಅಲ್ಲ, ಜನ ಬಾಯಿಮಾತಿಗೆ ಬ್ಯಾಂಕ್ ಅಂದರೂ ಅಷ್ಟೇ. ಅನುಮಾನವಿದ್ದರೆ dicgc.org.in ನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ.

ಎಲ್ಲ ಸಂಘಗಳೂ ಕೆಟ್ಟವಲ್ಲ, ತುರ್ತು ಸಾಲಕ್ಕೆ ಅನೇಕರಿಗೆ ಅವೇ ಆಸರೆ. ಅಲ್ಲಿ ಹಣ ಇಡಲೇಬೇಕೆಂದಿದ್ದರೆ ಈ ವರ್ಷದ ಆಡಿಟ್ ವರದಿ ತೋರಿಸಿ ಎಂದು ಕೇಳಿ, ಸುಸ್ತಿಯಾದ ಸಾಲ ಎಷ್ಟಿದೆ ನೋಡಿ. ವರದಿ ಕೊಡಲು ಸತಾಯಿಸಿದರೆ, ಅವಧಿ ಮುಗಿದ ಎಫ್‌ಡಿ ಕೇಳಿದಾಗ 'ಮುಂದಿನ ವಾರ ಬನ್ನಿ' ಎಂದರೆ ತಡಮಾಡದೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಲಿಖಿತ ದೂರು ಕೊಡಿ.