ಸಹಿ ಹಾಕಿದ್ರೆ ಸಾಕಾ?

ಒಪ್ಪಂದಕ್ಕೆ ಸಹಿ ಬಿತ್ತು ಅಂದ್ರೆ ದೇಶ ಅದಕ್ಕೆ ಬದ್ಧ ಅಂತ ನಾವು ಅಂದ್ಕೊಂಡಿದ್ದೆವು. ಆದರೆ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದ ನೋಡಿ. ಭಾರತ 1997ರಲ್ಲೇ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ಅನುಮೋದನೆಯ ಪತ್ರವನ್ನು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗೆ ಒಪ್ಪಿಸಿದ 30ನೇ ದಿನ ಬದ್ಧತೆ ಶುರುವಾಗುತ್ತೆ. ಅಲ್ಲಿವರೆಗೆ ಒಪ್ಪಂದದ ಸಮಿತಿಗೆ ನಾವು ವರದಿ ಕೊಡಬೇಕಿಲ್ಲ.

ಹಾಗಾದ್ರೆ ಚಿತ್ರಹಿಂಸೆ ಕೊಡಬಹುದಾ? ಇಲ್ಲ. ದೇಶಗಳು ಒಂದು ನಡವಳಿಕೆಯನ್ನು ಕಾನೂನು ಅಂತಲೇ ನಂಬಿ ಪಾಲಿಸುತ್ತಾ ಬಂದ್ರೆ ಅದು ರೂಢಿಗತ ಕಾನೂನಾಗುತ್ತೆ. ಅದಕ್ಕೆ ಸಹಿ ಬೇಕಿಲ್ಲ. ಚಿತ್ರಹಿಂಸೆಯ ನಿಷೇಧ ಅಂಥದ್ದೇ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2012ರಲ್ಲಿ ಬೆಲ್ಜಿಯಂ ಮತ್ತು ಸೆನೆಗಲ್ ನಡುವಿನ ಪ್ರಕರಣದಲ್ಲಿ ಹೇಳಿತು. ಅಂದರೆ ನಿಷೇಧ ನಮಗೂ ಅನ್ವಯಿಸುತ್ತೆ. ಆ ಸಮಿತಿ ಮುಂದೆ ಲೆಕ್ಕ ಒಪ್ಪಿಸೋ ಜವಾಬ್ದಾರಿ ಮಾತ್ರ ಇನ್ನೂ ಬಂದಿಲ್ಲ.