ಕಿರುಚಿತ್ರದ ಮೆಟಾಡೇಟಾ

ಒಂದು ಕಿರುಚಿತ್ರವನ್ನು ಗುರುತಿಸಲು, ಹುಡುಕಲು ಮತ್ತು ಇತರ ಚಿತ್ರಗಳಿಂದ ಬೇರ್ಪಡಿಸಲು ಬಳಸುವ ವಿವರಗಳ ಸಮೂಹವನ್ನು ಕಿರುಚಿತ್ರದ ಮೆಟಾಡೇಟಾ ಎನ್ನುತ್ತಾರೆ. ಶೀರ್ಷಿಕೆ, ವರ್ಷ, ಭಾಷೆ, ಅವಧಿ, ಕಥಾಸಾರಾಂಶ, ತಾರಾಗಣ ಮತ್ತು ತಂತ್ರಜ್ಞರ ಹೆಸರುಗಳು ಇದರ ಮುಖ್ಯ ಅಂಗಗಳು. ಚಲನಚಿತ್ರೋತ್ಸವದಲ್ಲಿ ಈ ವಿವರಗಳು ಕೈಪಿಡಿಯೊಂದರಲ್ಲಿ ಅಚ್ಚಾಗುತ್ತವೆ. ಚಿತ್ರವು ಅನಂತರ ಅಂತರ್ಜಾಲಕ್ಕೆ ಬಂದಾಗ ಅವು ತಾವಾಗಿಯೇ ಚಿತ್ರದ ಜೊತೆಗೆ ಬರುವುದಿಲ್ಲ. ವಿಡಿಯೋ ತಾಣಗಳು ಕಡತವನ್ನು ತಮ್ಮ ಕ್ರಮಕ್ಕೆ ಮರುಸಂಕೇತಿಸುವುದರಿಂದ ಕಡತದೊಳಗೆ ಬರೆದಿಟ್ಟ ವಿವರಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಆದ್ದರಿಂದ ಯಾರಾದರೂ ಅವನ್ನು ಮತ್ತೊಮ್ಮೆ ಬರೆಯಬೇಕಾಗುತ್ತದೆ, ತಪ್ಪುಗಳು ಹೆಚ್ಚಾಗಿ ನುಸುಳುವುದೂ ಆ ಹಂತದಲ್ಲಿಯೇ.

ಒಂದು ಉದಾಹರಣೆ: ಥಂಡರ್ ರೋಡ್

ಅಮೆರಿಕದ ನಿರ್ದೇಶಕ ಜಿಮ್ ಕಮಿಂಗ್ಸ್ ಅವರ 'ಥಂಡರ್ ರೋಡ್' 2016ರ ಸನ್‌ಡಾನ್ಸ್ ಚಲನಚಿತ್ರೋತ್ಸವದಲ್ಲಿ ಕಿರುಚಿತ್ರ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಪಡೆಯಿತು. ಅದರ ಅವಧಿ 13 ನಿಮಿಷ. ಇಡೀ ಚಿತ್ರವನ್ನು ಒಂದೇ ಅಖಂಡ ಚಿತ್ರಿಕೆಯಲ್ಲಿ ತೆಗೆಯಲಾಗಿದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1975ರ ಅದೇ ಹೆಸರಿನ ಹಾಡು ಕಥೆಯ ಕೇಂದ್ರದಲ್ಲಿದೆ. ಉತ್ಸವದಲ್ಲಿ ಹಾಡನ್ನು ಬಳಸುವ ಅನುಮತಿಯೂ ಅಂತರ್ಜಾಲದಲ್ಲಿ ಬಳಸುವ ಅನುಮತಿಯೂ ಬೇರೆ ಬೇರೆಯಾಗಿರುವುದರಿಂದ, ಚಿತ್ರವನ್ನು ಎಲ್ಲರಿಗೂ ಮುಕ್ತವಾಗಿ ತೋರಿಸಲು ಕಮಿಂಗ್ಸ್ ಗಾಯಕರಿಗೆ ಬಹಿರಂಗ ಪತ್ರವನ್ನೇ ಬರೆದರು. ಚಿತ್ರವು ಮುಂದೆ ವಿಮಿಯೋ ತಾಣದಲ್ಲಿ ಪ್ರಕಟವಾಯಿತು.

ಹೀಗಾಗಿ ಈ ಚಿತ್ರಕ್ಕೆ ಎರಡು ದಿನಾಂಕಗಳಿವೆ: ಉತ್ಸವದ ಮೊದಲ ಪ್ರದರ್ಶನ ಮತ್ತು ಅಂತರ್ಜಾಲ ಪ್ರಕಟಣೆ. ಚಿತ್ರದ ವರ್ಷವೆಂದು ದಾಖಲಾಗಬೇಕಾದುದು ಮೊದಲನೆಯದು. ವಿಡಿಯೋ ಪುಟದಲ್ಲಿ ಕಾಣುವ ದಿನಾಂಕ ಕಡತವನ್ನು ಏರಿಸಿದ ದಿನವಷ್ಟೇ. ಅದನ್ನು ಬಿಡುಗಡೆಯ ದಿನವೆಂದು ನಕಲು ಮಾಡಿದರೆ, ಪ್ರಶಸ್ತಿ ಬಂದ ಮೇಲೆ ಚಿತ್ರ ಹುಟ್ಟಿತೆಂಬ ವಿಚಿತ್ರ ದಾಖಲೆ ಉಳಿಯುತ್ತದೆ. ಇದರಲ್ಲಿ ಮತ್ತೊಂದು ತೊಡಕೂ ಉಂಟು. ಮೊದಲೇ ಅಂತರ್ಜಾಲದಲ್ಲಿ ಪ್ರಕಟವಾದ ಚಿತ್ರವನ್ನು ಹಲವು ಉತ್ಸವಗಳು ಸ್ವೀಕರಿಸುವುದಿಲ್ಲವಾದ್ದರಿಂದ, ಎರಡು ದಿನಾಂಕಗಳ ಅನುಕ್ರಮ ತಪ್ಪಿದ ದಾಖಲೆಯಿಂದ ಚಿತ್ರತಂಡದ ಮೇಲೆಯೇ ಸಂಶಯ ಹುಟ್ಟಬಹುದು.

ಹೆಸರಿನ ಗೊಂದಲಕ್ಕೆ ಈ ಚಿತ್ರದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ. 1958ರಲ್ಲಿ ರಾಬರ್ಟ್ ಮಿಚಮ್ ಅಭಿನಯದ 'ಥಂಡರ್ ರೋಡ್' ಎಂಬ ಚಿತ್ರ ಬಂದಿತ್ತು. ಕಮಿಂಗ್ಸ್ ತಮ್ಮ ಕಿರುಚಿತ್ರವನ್ನು ವಿಸ್ತರಿಸಿ 2018ರಲ್ಲಿ ಅದೇ ಹೆಸರಿನ ಪೂರ್ಣಪ್ರಮಾಣದ ಚಿತ್ರ ಮಾಡಿದರು, ಅದಕ್ಕೆ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಪ್ರಶಸ್ತಿಯೂ ಬಂದಿತು. ಅಷ್ಟೇ ಅಲ್ಲ, ವಿನ್ನಿ ದ ಪೂ ಪಾತ್ರಕ್ಕೆ ಕಂಠದಾನ ಮಾಡಿದ ಹಿರಿಯ ಕಲಾವಿದರ ಹೆಸರೂ ಜಿಮ್ ಕಮಿಂಗ್ಸ್. ಶೀರ್ಷಿಕೆ ಮತ್ತು ನಿರ್ದೇಶಕರ ಹೆಸರು ಎರಡನ್ನೂ ಕೊಟ್ಟರೂ 2016ರ ಚಿತ್ರ ಮತ್ತು 2018ರ ಚಿತ್ರ ಬೇರೆಯಾಗುವುದಿಲ್ಲ. ಅವನ್ನು ಬೇರ್ಪಡಿಸುವುದು ವರ್ಷ ಮತ್ತು ಅವಧಿ.

ಅವಧಿ

ಅವಧಿಯೆಂದರೆ ಮೊದಲ ಚೌಕಟ್ಟಿನಿಂದ ಕೊನೆಯ ನಾಮಾವಳಿ ಮುಗಿಯುವವರೆಗಿನ ಸಮಯ. ಆಸ್ಕರ್ ಪ್ರಶಸ್ತಿಯ ನಿಯಮದಲ್ಲಿ ಕಿರುಚಿತ್ರದ ಮಿತಿ 40 ನಿಮಿಷವಾಗಿದ್ದು, ನಾಮಾವಳಿಯೂ ಅದರಲ್ಲಿ ಸೇರಿದೆ. ಕೈಪಿಡಿಗಳು ಸಾಮಾನ್ಯವಾಗಿ ಇಡೀ ನಿಮಿಷಗಳನ್ನು ಕೊಡುತ್ತವೆ, ವಿಡಿಯೋ ತಾಣಗಳು ಸೆಕೆಂಡುಗಳನ್ನೂ ತೋರಿಸುತ್ತವೆ. ಹಾಗಾಗಿ ಎರಡರಲ್ಲಿ ಕೆಲವು ಸೆಕೆಂಡುಗಳ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ. ವಿತರಕರ ಲಾಂಛನವೊಂದನ್ನು ಮುಂದೆ ಸೇರಿಸಿದರೂ ಇಷ್ಟು ವ್ಯತ್ಯಾಸ ಬರುತ್ತದೆ.

ಅರ್ಧ ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮಾತ್ರ ಕಾರಣ ಹುಡುಕಬೇಕು. ದೃಶ್ಯಕ್ಕೆ ಕತ್ತರಿ ಬಿದ್ದಿದೆ ಎಂಬುದು ಮೊದಲು ಹೊಳೆಯುವ ಊಹೆಯಾದರೂ ಅದು ಯಾವಾಗಲೂ ಸರಿಯಲ್ಲ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡುತ್ತದೆ. ಯುರೋಪಿನ ದೂರದರ್ಶನ ಪದ್ಧತಿಗೆ ತಕ್ಕಂತೆ ಅದನ್ನು 25ರ ವೇಗದಲ್ಲಿ ಓಡಿಸುವ ರೂಢಿಯೂ ಇದೆ. ಸರಿಯಾಗಿ 13 ನಿಮಿಷದ ಚಿತ್ರವೊಂದರಲ್ಲಿ 780 ಸೆಕೆಂಡುಗಳು, ಅಂದರೆ 24ರ ವೇಗದಲ್ಲಿ 18,720 ಚೌಕಟ್ಟುಗಳು ಇರುತ್ತವೆ. ಅಷ್ಟೇ ಚೌಕಟ್ಟುಗಳನ್ನು 25ರ ವೇಗದಲ್ಲಿ ಓಡಿಸಿದರೆ ಚಿತ್ರ ಸುಮಾರು 12 ನಿಮಿಷ 29 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಂದು ಚೌಕಟ್ಟೂ ಕಳೆದಿರುವುದಿಲ್ಲ. ಎರಡು ಪ್ರತಿಗಳ ಚೌಕಟ್ಟುಗಳ ಸಂಖ್ಯೆ ಒಂದೇ ಆಗಿದ್ದರೆ ಕತ್ತರಿಯ ಅನುಮಾನವನ್ನು ಬಿಡಬಹುದು. ವೇಗ ಹೆಚ್ಚಿಸಿದ ಪ್ರತಿಯಲ್ಲಿ, ಧ್ವನಿಯನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದರೆ, ಮಾತಿನ ಶ್ರುತಿ ತುಸು ಏರಿರುವುದು ಕಿವಿಗೂ ತಿಳಿಯುತ್ತದೆ.

ಶೋಧಯಂತ್ರಗಳು ಓದುವ ದಾಖಲೆಯಲ್ಲಿ ಅವಧಿಯನ್ನು ಐಎಸ್ಒ 8601 ಕ್ರಮದಲ್ಲಿ ಬರೆಯುತ್ತಾರೆ. ಕೆಳಗಿನ ತುಣುಕಿನಲ್ಲಿ `PT13M` ಎಂದರೆ 13 ನಿಮಿಷ. ಇಲ್ಲಿ `T` ಅಕ್ಷರವನ್ನು ಬಿಟ್ಟರೆ ಅದು 13 ತಿಂಗಳಾಗುತ್ತದೆ!

```
{
  "@context": "https://schema.org",
  "@type": "Movie",
  "name": "Thunder Road",
  "dateCreated": "2016",
  "duration": "PT13M",
  "inLanguage": "en",
  "director": {"@type": "Person", "name": "Jim Cummings"}
}
```

ಕಥಾಸಾರಾಂಶ

ಉತ್ಸವದ ಕೈಪಿಡಿಯ ಸಾರಾಂಶಕ್ಕೂ ವಿಶ್ವಕೋಶದ ಸಾರಾಂಶಕ್ಕೂ ಉದ್ದೇಶ ಬೇರೆ. ಮೊದಲನೆಯದು ಪ್ರೇಕ್ಷಕನನ್ನು ಕರೆಯಲು ಬರೆದುದು. ಪೊಲೀಸ್ ಅಧಿಕಾರಿಯೊಬ್ಬ ತನ್ನ ತಾಯಿಯ ಅಂತ್ಯಸಂಸ್ಕಾರದ ಸಭೆಯಲ್ಲಿ ಮಾತನಾಡುತ್ತಾನೆ ಎಂದು ಹೇಳಿ ಅದು ನಿಲ್ಲಬಹುದು. ಎರಡನೆಯದು ನಡೆದುದನ್ನು ತಿಳಿಸಬೇಕು: ಜಿಮ್ ಅರ್ನೋ ಎಂಬ ಆ ಅಧಿಕಾರಿ ತಾಯಿಯನ್ನು ನೆನೆಯುತ್ತ ತಡವರಿಸುತ್ತಾನೆ, ಅಳುತ್ತಾನೆ, ಕೊನೆಗೆ ತಾಯಿಯ ನೆನಪಿಗೆಂದು ಸಭೆಯ ಮುಂದೆ ಹಾಡಿಗೆ ಕುಣಿಯುತ್ತಾನೆ. 2018ರ ಚಿತ್ರದ ಆರಂಭದಲ್ಲಿಯೂ ಇದೇ ಸನ್ನಿವೇಶವಿದೆ. ಆದರೆ ಅಲ್ಲಿ ಉಪಕರಣ ಕೆಲಸಮಾಡದೆ ಅವನು ಹಾಡಿಲ್ಲದೆಯೇ ಕುಣಿಯುತ್ತಾನೆ. ಹಾಡು ಕೇಳಿಸುತ್ತದೆಯೇ ಇಲ್ಲವೇ ಎಂಬ ಒಂದು ಮಾತಿನಿಂದ ಸಾರಾಂಶವು ಯಾವ ಚಿತ್ರದ್ದೆಂದು ಹೇಳಬಹುದು. ಕೈಪಿಡಿಯ ಸಾರಾಂಶಕ್ಕೆ ಹಕ್ಕುಸ್ವಾಮ್ಯ ಇರುವುದರಿಂದ ಅದನ್ನು ಮುಕ್ತ ವಿಶ್ವಕೋಶಕ್ಕೆ ಹಾಗೆಯೇ ನಕಲು ಮಾಡುವಂತಿಲ್ಲ. ಚಿತ್ರವನ್ನು ನೋಡಿ ಸ್ವಂತ ಮಾತಿನಲ್ಲಿ ಬರೆಯುವುದೇ ದಾರಿ, 13 ನಿಮಿಷದ ಚಿತ್ರಕ್ಕೆ ಅದು ದೊಡ್ಡ ಶ್ರಮವೂ ಅಲ್ಲ.

ತಾರಾಗಣ ಮತ್ತು ನಾಮಾವಳಿ

ಕಿರುಚಿತ್ರಗಳಲ್ಲಿ ಒಬ್ಬರೇ ಹಲವು ಕೆಲಸ ಮಾಡುವುದು ಸಾಮಾನ್ಯ. 'ಥಂಡರ್ ರೋಡ್' ಚಿತ್ರದ ಲೇಖಕ, ನಿರ್ದೇಶಕ ಮತ್ತು ಮುಖ್ಯ ನಟ ಕಮಿಂಗ್ಸ್ ಒಬ್ಬರೇ ಆದ್ದರಿಂದ ಅವರ ಹೆಸರು ಮೂರು ಸ್ಥಾನಗಳಲ್ಲಿಯೂ ಬರಬೇಕು. ನಿರ್ದೇಶಕರೆಂದು ಒಮ್ಮೆ ಬರೆದಾಯಿತೆಂದು ತಾರಾಗಣದಿಂದ ಬಿಟ್ಟರೆ, ನಟನ ಹೆಸರಿನಿಂದ ಹುಡುಕುವವರಿಗೆ ಚಿತ್ರ ಸಿಗುವುದಿಲ್ಲ. ವಿಕಿಡೇಟಾದಲ್ಲಿ ನಿರ್ದೇಶಕರಿಗೆ `P57`, ತಾರಾಗಣಕ್ಕೆ `P161`, ಅವಧಿಗೆ `P2047` ಎಂಬ ಗುಣಸಂಕೇತಗಳಿವೆ. ಅಲ್ಲಿ ವ್ಯಕ್ತಿಯನ್ನು ಬರೆಯ ಹೆಸರಿನಿಂದಲ್ಲದೆ ಅವರದೇ ಗುರುತುಸಂಖ್ಯೆಯಿಂದ ಜೋಡಿಸುವುದರಿಂದ, ಪೊಲೀಸ್ ಅಧಿಕಾರಿಯ ಪಾತ್ರ ವಿನ್ನಿ ದ ಪೂ ಕಲಾವಿದರ ಖಾತೆಗೆ ಸೇರುವ ಅಪಾಯ ತಪ್ಪುತ್ತದೆ.

ಕನ್ನಡದ ಹೆಸರುಗಳಿಗೆ ಈ ಜೋಡಣೆ ಇನ್ನೂ ಅಗತ್ಯ. ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಕಿರುಚಿತ್ರ 2024ರ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದಾಗ ಜಗತ್ತಿಗೆ ಪರಿಚಯವಾದುದು 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಎಂಬ ಇಂಗ್ಲಿಷ್ ಶೀರ್ಷಿಕೆಯಿಂದ. ಇಂತಹ ದಾಖಲೆಯಲ್ಲಿ ಶೀರ್ಷಿಕೆಯ ಭಾಷೆಯನ್ನು ನೋಡಿ ಚಿತ್ರದ ಭಾಷೆಯನ್ನು ತುಂಬಬಾರದು. ಶೀರ್ಷಿಕೆ ಇಂಗ್ಲಿಷಿನಲ್ಲಿದ್ದರೂ `inLanguage` ಎಂಬಲ್ಲಿ ಇರಬೇಕಾದುದು `kn`. ನಿರ್ದೇಶಕರ ಇನಿಷಿಯಲ್ಲನ್ನು ಎಲ್ಲಿ ಇಡಬೇಕು, ಕೊನೆಯ ಹೆಸರನ್ನು ನಾಯ್ಕ್ ಎಂದೋ ನಾಯಕ್ ಎಂದೋ ಬರೆಯಬೇಕು ಎಂಬ ಪ್ರಶ್ನೆಗಳಿಗೆ ಚಿತ್ರದ ತೆರೆಯ ಮೇಲಿನ ನಾಮಾವಳಿಯೇ ಪ್ರಮಾಣ. ಉಳಿದ ರೂಪಗಳನ್ನು ಪರ್ಯಾಯ ಹೆಸರುಗಳಾಗಿ ಸೇರಿಸಬಹುದು.